ಅಮಿತಾಳ ಟೈಪ್ ಮಾಡಿದ ನೋಟ್ಸ್

ಅಮಿತಾ ಕುಂದಾಪುರದ ನನ್ನ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಾಗ ಅವಳ ಸಾಮಾನು ಒಂದು ಚೀಲ, ಒಂದು ಹಳೆಯ ಲ್ಯಾಪ್‌ಟಾಪ್ ಇಷ್ಟೇ. ಊರು ತ್ರಾಸಿ. ಅಮ್ಮ ಸುಂದರಿ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಅಪ್ಪ ದೋಣಿಗೆ ಹೋಗುವುದನ್ನು ಬಿಟ್ಟು ಬಲೆ ಸರಿಮಾಡಿಕೊಂಡು ಕಾಲ ಕಳೆಯುತ್ತಾನೆ. ಪಿಯುಸಿ ಮುಗಿದ ಮೇಲೆ ಇವಳು ಕೆಲವು ವರ್ಷ ಗಂಗೊಳ್ಳಿಯ ಒಂದು ಮಂಜುಗಡ್ಡೆ ಕಾರ್ಖಾನೆಯ ಆಫೀಸಿನಲ್ಲಿ ಬಿಲ್ಲು ಟೈಪ್ ಮಾಡುತ್ತಿದ್ದಳು. ಆಮೇಲೆ, ಜೊತೆಯ ಹುಡುಗಿಯರು ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ, ಕುಂದಾಪುರದ ಒಂದು ಪ್ಯಾರಾಮೆಡಿಕಲ್ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಕ್ಕೆ ಸೇರಿದಳು. ಬ್ರಹ್ಮಾವರದ ಒಂದು ಲ್ಯಾಬಿನವರು ಪಾಸಾದರೆ ಕೆಲಸ ಕೊಡುತ್ತೇವೆ ಎಂದಿದ್ದರು.

ನಾನು ಪೆಥಾಲಜಿ ಕಲಿಸಿ ನಿವೃತ್ತಳಾದವಳು. ಅದು ಗೊತ್ತಾದ ದಿನವೇ ಅವಳು ಬಾಗಿಲಿಗೆ ಬಂದು, "ಟೀಚರ್, ಹೆಮಟಾಲಜಿ ಹೇಳಿಕೊಡ್ತ್ರ್ಯಾ?" ಎಂದಳು. ರಕ್ತಪರೀಕ್ಷೆಯ ಆ ಪಾಠ ಕಲಿಸುವುದನ್ನು ಬಿಟ್ಟಾಯಿತು, ಇಲ್ಲ ಎಂದೆ. ಪುಸ್ತಕದ ಕಪಾಟು ತೋರಿಸಿದೆ. ಬೇಸರಿಸಿಕೊಳ್ಳದೆ ಒಂದು ಪುಸ್ತಕ ತೆಗೆದುಕೊಂಡು ಹೋದಳು. ಒಂದು ಕಡೆ ಕೂರುವ ಜೀವ ಅದಲ್ಲ. ಓದುವಾಗಲೂ ಅಂಗಳದಲ್ಲಿ ಬಾವಿಯಿಂದ ಗೇಟಿಗೆ, ಗೇಟಿನಿಂದ ಬಾವಿಗೆ ನಡೆಯುವಳು. ಕೂತಿರುವುದು ಟೈಪ್ ಮಾಡುವಾಗ ಮಾತ್ರ.

ಅವಳ ತರಗತಿಯ ನೋಟ್ಸು ನೋಡುವ ಹಾಗಿರಲಿಲ್ಲ. ಕಲಿಸುವ ಪ್ರೇಮಾನಂದ ಕನ್ನಡ ಇಂಗ್ಲಿಷ್ ಬೆರೆಸಿ ಓಡುವ ಬಸ್ಸಿನ ಹಾಗೆ ಹೇಳುತ್ತಿದ್ದರಂತೆ. ಮಕ್ಕಳು ಕೈಗೆ ಸಿಕ್ಕಿದ್ದನ್ನು ಬರೆದುಕೊಳ್ಳುತ್ತಿದ್ದರು. ಹಿಮೋಗ್ಲೋಬಿನ್ ಒಂದೇ ಪುಟದಲ್ಲಿ ಎಚ್‌ಬಿ, ಹಿಮೋ, ಎಚ್‌ಜಿ ಎಂದು ಮೂರು ವೇಷ ಹಾಕಿರುತ್ತಿತ್ತು. ಎಲ್ಲಿ ಒಂದು ವಿಷಯ ಮುಗಿದು ಇನ್ನೊಂದು ಶುರುವಾಯಿತೆಂದು ಬರೆದವರಿಗೇ ಗೊತ್ತಿಲ್ಲ. ಕೊನೆಯ ವರ್ಷದಲ್ಲಿ ಅಮಿತಾ ಇದನ್ನೆಲ್ಲ ಟೈಪ್ ಮಾಡುತ್ತೇನೆಂದು ಹೊರಟಳು. ಮೊದಲು ತನಗಾಗಿ, ಆಮೇಲೆ ಇಡೀ ಬ್ಯಾಚಿಗಾಗಿ.

ಕೆಲಸದ ಕ್ರಮ ಅವಳಿಗೆ ಆಫೀಸಿನಲ್ಲಿ ಬಂದದ್ದು. ಪ್ರತಿ ವಿಷಯಕ್ಕೆ ದೊಡ್ಡ ಶೀರ್ಷಿಕೆ. ಅದರ ಕೆಳಗೆ ತತ್ವ, ಬೇಕಾದ ವಸ್ತು, ಕ್ರಮ, ಸಾಮಾನ್ಯ ಮೌಲ್ಯ, ತಪ್ಪಾಗುವ ಕಡೆಗಳು ಎಂದು ಉಪಶೀರ್ಷಿಕೆ. ಅವನ್ನು ಬರೀ ದಪ್ಪ ಅಕ್ಷರ ಮಾಡದೆ ಹೆಡಿಂಗ್ ಸ್ಟೈಲ್ ಕೊಟ್ಟು ಹಾಕುತ್ತಿದ್ದಳು. ಹಾಗೆ ಮಾಡಿದರೆ ಮೊದಲ ಪುಟದ ವಿಷಯಸೂಚಿ ತಾನೇ ತಯಾರಾಗುತ್ತದೆ. ಎರಡನೆಯ ಪುಟದಲ್ಲಿ ಸಂಕ್ಷೇಪಗಳ ಪಟ್ಟಿ. ಒಂದು ಮಾತಿಗೆ ಒಂದೇ ಸಂಕ್ಷೇಪ, ಪಟ್ಟಿಯಲ್ಲಿಲ್ಲದ್ದು ಒಳಗೆ ಬರುವ ಹಾಗಿಲ್ಲ. ಬದಲಾಯಿಸುವಾಗ ಫೈಂಡ್ ಅಂಡ್ ರಿಪ್ಲೇಸ್ ಒತ್ತಿ, ಪೂರ್ಣ ಪದ ಮಾತ್ರ ಎಂಬ ಗುರುತು ಹಾಕದೆ ಒಮ್ಮೆ ಬೇರೆ ಪದಗಳ ಹೊಟ್ಟೆಯೊಳಗೂ ಹಿಮೋಗ್ಲೋಬಿನ್ ತುಂಬಿಸಿದ್ದಳು. ಆಮೇಲೆ ಒಂದೊಂದನ್ನೂ ನೋಡಿ ಒತ್ತುವುದನ್ನು ಕಲಿತಳು.

ಮುಂದೆ ಸೇರಿಸಲು ಜಾಗ ಬಿಡುವುದಕ್ಕೂ ಒಂದು ರೀತಿ ಇತ್ತು. ಎಂಟರ್ ಒತ್ತಿ ಒತ್ತಿ ಖಾಲಿ ಸಾಲು ಬಿಟ್ಟರೆ, ಮೇಲೆ ಒಂದು ವಾಕ್ಯ ಸೇರಿದ ಕೂಡಲೇ ಕೆಳಗಿನದೆಲ್ಲ ಜಾರುತ್ತದೆ. ಆದ್ದರಿಂದ ಪ್ರತಿ ವಿಷಯವೂ ಹೊಸ ಪುಟದಿಂದ. ಪುಟವನ್ನು ಎರಡು ಕಾಲಂ, ಅಂದರೆ ಎರಡು ಉದ್ದ ಕಂಬಗಳ ಕೋಷ್ಟಕ ಮಾಡಿ, ಎಡಗಡೆಯ ಅಗಲ ಕಂಬದಲ್ಲಿ ನೋಟ್ಸು, ಬಲಗಡೆಯ ಕಿರಿದಾದ ಕಂಬ ಪೂರ್ತಿ ಖಾಲಿ.

ಬ್ಯಾಚಿನ ರತನ್ ಮೊದಲ ಪ್ರತಿ ನೋಡಲು ನಮ್ಮ ಮನೆಗೇ ಬಂದಿದ್ದ. ಜಗಲಿಯ ಮೇಲೆ ನಿಂತು ಪುಟ ತಿರುವಿದ.

"ಹ್ವಾಯ್ ಅಮಿತಕ್ಕ, ಅರ್ಧ ಪುಸ್ತಕ ಖಾಲಿ ಇತ್ತಲೆ. ಪರೀಕ್ಷೆಲಿ ಖಾಲಿ ಜಾಗ್ದಲ್ಲಿ ಎಂತ ಬರುದ್?"

"ನಿನ್ ತಲೆ ಖಾಲಿ ಇತ್ತಲ್ದಾ, ಅದ್ರಿಂದ ತೆಗ್ದ್ ಬರಿ."

"ಝೆರಾಕ್ಸಿಗೆ ಕೊಟ್ರೆ ಅಂವ ಖಾಲಿಗೂ ದುಡ್ಡ್ ತಕಂತ, ಕಾಣಿ."

"ತಕಣ್ಲಿ. ಸರ್ ರಿವಿಜನ್‌ಲಿ ಎಂತಾರೂ ಹೇಳ್ರೆ ಎಲ್ಲ್ ಬರಿತೆ? ಅಂಗೈ ಮೇಲಾ?"

ರತನ್ ನಕ್ಕು ಹೋದ. ಅವನ ನೋಟ್ಸಿಲ್ಲದೆ ಅವಳ ಕೆಲಸವೂ ಆಗುತ್ತಿರಲಿಲ್ಲ. ಅಮ್ಮನಿಗೆ ಜ್ವರ ಬಂದಾಗ ಮೀನಿನ ಬುಟ್ಟಿಯ ಮುಂದೆ ಇವಳೇ ಕೂರಬೇಕಾಗಿತ್ತು. ಆ ದಿನಗಳ ಪಾಠ ಇವಳ ಹತ್ತಿರವಿಲ್ಲ. ಅವನ್ನು ರತನ್ ಫೋಟೊ ಹೊಡೆದು ಕಳಿಸಿದ್ದ. ಎಲ್ಲ ಸೇರಿ ಅಚ್ಚುಕಟ್ಟಾದ ಒಂದು ಫೈಲಾಯಿತು. ಪಿಡಿಎಫ್ ಮಾಡಿ ಬ್ಯಾಚಿನ ಗುಂಪಿಗೆ ಹಾಕಿದಳು. ಹಿಂದಿನ ವರ್ಷ ಫೇಲಾಗಿದ್ದವರಿಗೂ ಅದು ಹೋಯಿತು. ಬೈಂದೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅದರ ಪ್ರತಿ ಸ್ಪೈರಲ್ ಹಾಕಿ ಸಿಗುತ್ತದೆಂದು ಕೇಳಿದಾಗ ಅವಳ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಕೆಲವು ಪುಟ ತಿರುವಿ ನೋಡಿದ್ದೆ, ಅಕ್ಷರ ಚೆನ್ನಾಗಿತ್ತು. ಓದಿ ಪರೀಕ್ಷಿಸಿ ಎಂದು ಅವಳು ಕೇಳಲಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಮುಂಚಿನ ದಿನ ಕಾಲೇಜಿನಲ್ಲಿ ಲ್ಯಾಬ್ ತೆರೆದಿಟ್ಟಿದ್ದರು, ಬೇಕಾದವರು ಅಭ್ಯಾಸ ಮಾಡಬಹುದು ಎಂದು. ವರ್ಷವಿಡೀ ಇಡೀ ಬ್ಯಾಚಿಗೆ ಬಣ್ಣ ಹಾಕುವ ತಟ್ಟೆ ಒಂದೇ. ಸ್ಲೈಡಿಗೆ ಬಣ್ಣ ಹಾಕುವುದನ್ನು ಪ್ರೇಮಾನಂದ ಮಾಡಿ ತೋರಿಸುವುದು, ಉಳಿದವರು ಭುಜದ ಮೇಲಿಂದ ಇಣುಕುವುದು. ಅಮಿತಾ ಆ ದಿನ ಮೊದಲ ಸಲ ತನ್ನಷ್ಟಕ್ಕೆ ರಕ್ತದ ಲೇಪ ಎಳೆದು, ಒಣಗಿಸಿ, ತನ್ನ ಟೈಪ್ ಪ್ರತಿಯನ್ನು ಮೇಜಿನ ಮೇಲಿಟ್ಟು, ಕಣಗಳು ಕಾಣಲೆಂದು ಲೀಶ್‌ಮನ್ ಬಣ್ಣ ಹಾಕಲು ಹೊರಟಳು. ಪುಟದಲ್ಲಿದ್ದಂತೆ ಮೊದಲು ಬಫರ್ ಎಂಬ ನೀರಿನಂಥ ದ್ರಾವಣ ಸುರಿದಳು, ಕಾದಳು, ಆಮೇಲೆ ಸ್ಟೇನ್, ಅಂದರೆ ಬಣ್ಣ. ತೊಳೆಯುವಾಗ ಲೇಪವೇ ಕಿತ್ತು ಸಿಂಕಿಗೆ ಹರಿದು ಹೋಯಿತು. ಕೈಯಲ್ಲಿ ಬರಿಯ ಗಾಜು.

"ಎಂತ ಮಾಡ್ದೆ ನೀನ್?" ಪ್ರೇಮಾನಂದ ಪಕ್ಕದಲ್ಲಿದ್ದರು.

"ಬಫರ್ ಹಾಯ್ಕಿ, ಮತ್ತೆ ಸ್ಟೇನ್ ಹಾಯ್ಕ್ದೆ, ಸರ್."

"ಬಫರ್ ಮೊದ್ಲಾ? ಸ್ಟೇನ್‌ಲಿ ಮಿಥನಾಲ್ ಇಪ್ಪುದ್ ಎಂತಕ್ಕೆ? ಅದ್ ಕಣಗಳನ್ನ ಗಾಜಿಗೆ ಹಿಡ್ಸುಕೆ. ಮೊದ್ಲ್ ಬರೀ ಸ್ಟೇನ್, ಎರ್ಡ್ ನಿಮಿಷ. ಮತ್ತೆ ಅದ್ರ ಮೇಲೇ ಡಬಲ್ ಬಫರ್. ನೀರ್ ಮೊದ್ಲ್ ಹೊಯ್ದ್ರೆ ಕಣ ಒಡಿತ್ತ್, ಲೇಪ ಹೋತ್ತ್. ಹೇಳ್ಲಿಲ್ಯಾ ನಾನ್?"

ಅವರು ಹೇಳಿದ್ದರು. ಅವಳು ಆ ದಿನ ಮೀನಿನ ಮಾರುಕಟ್ಟೆಯಲ್ಲಿದ್ದಳು.

ರತನ್ ಅಲ್ಲೇ ಇದ್ದ. ಅವನ ಮೂಲ ಪುಸ್ತಕ ತೆಗೆಸಿದಳು. ಅವನು ಆ ದಿನ ತಡವಾಗಿ ಬಂದು ಮೊದಲ ಹಂತ ತಪ್ಪಿಸಿಕೊಂಡಿದ್ದ. ಆಮೇಲೆ ಯಾರನ್ನೋ ಕೇಳಿ, ಮೇಲೆ ಜಾಗವಿಲ್ಲದ್ದಕ್ಕೆ ಪುಟದ ತಳದಲ್ಲಿ ನಕ್ಷತ್ರ ಹಾಕಿ "ಸ್ಟೇನ್, ನೀರಿಲ್ಲದೆ, ೨ ನಿಮಿಷ" ಎಂದು ಬರೆದಿದ್ದ. ಅದು ಸೇರಬೇಕಾದಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಸಣ್ಣ ನಕ್ಷತ್ರ. ಫೋಟೊದಲ್ಲಿ ಪೆನ್ಸಿಲ್ ಮೂಡಿರಲಿಲ್ಲ. ಅಮಿತಾ ತಳದಲ್ಲಿದ್ದುದನ್ನು ತಳದಲ್ಲೇ ಟೈಪ್ ಮಾಡಿದ್ದಳು. ಅಷ್ಟೇ ಆಗಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರೇನೋ. ಅವಳು ಹಂತಗಳಿಗೆ ಅಂಕಿ ಕೊಟ್ಟಿದ್ದಳು, ಬಫರ್ ಒಂದು, ಸ್ಟೇನ್ ಎರಡು. ರತನನ ಪುಸ್ತಕದಲ್ಲಿ ಅಂಕಿಗಳೇ ಇರಲಿಲ್ಲ, ಬಾಣಗಳಿದ್ದವು. ಅಚ್ಚಿನಲ್ಲಿ ಹಂತ ೧, ಹಂತ ೨ ಎಂದು ಕಂಡ ಮೇಲೆ ಅದನ್ನು ಪ್ರಶ್ನಿಸುವ ವಿದ್ಯಾರ್ಥಿ ಕಡಿಮೆ.

"ನಕ್ಷತ್ರ ಕಾಣ್ಲಿಲ್ಯಾ ನಿಂಗೆ?" ಎಂದ ರತನ್.

"ನೀ ಆಕಾಶದಲ್ಲಿ ಬರ್ದಿದ್ರೆ ಕಾಂತಿತ್ತ್," ಎಂದು ಅವಳು ಫೋನ್ ತೆಗೆದು ಅಲ್ಲೇ ಗುಂಪಿಗೆ ಬರೆದಳು: ಲೀಶ್‌ಮನ್ ಪುಟ ತಪ್ಪು, ಮೊದಲು ಸ್ಟೇನ್, ಆಮೇಲೆ ಬಫರ್, ಬಲಗಡೆಯ ಖಾಲಿ ಕಂಬದಲ್ಲಿ ತಿದ್ದಿಕೊಳ್ಳಿ. ಒಬ್ಬೊಬ್ಬರಾಗಿ ಗುಂಪಿನಲ್ಲಿ ಹೆಬ್ಬೆರಳಿನ ಚಿಹ್ನೆ ಹಾಕಿದರು. ಅವಳು ಲ್ಯಾಬಿನ ಬಾಗಿಲಲ್ಲಿ ನಿಂತು, ತನ್ನ ನೋಟ್ಸು ಓದುತ್ತಿದ್ದವರ ಹೆಸರು ಗುರುತು ಹಾಕುತ್ತಾ ಹೋದಳು. ಯಡ್ತರೆಯ ಅಕ್ಷಯಾ ಮಾತ್ರ ಇಲ್ಲ.

ಅಕ್ಷಯಾ ಹಿಂದಿನ ವರ್ಷದ ಪ್ರಾಯೋಗಿಕದಲ್ಲಿ ಫೇಲಾದವಳು. ಈ ಸಲವೂ ಹೋದರೆ ಓದು ಬಿಡಿಸುತ್ತೇನೆಂದು ಅವಳ ಅಪ್ಪ ದೇವಪ್ಪ ಖಡಾಖಂಡಿತ ಹೇಳಿದ್ದ; ಗಂಡು ನೋಡಿ ಆಗಿತ್ತು. ಗುಂಪಿನಲ್ಲಿ ಅವಳಿಲ್ಲ, ಅವಳದೆಂದು ಒಂದು ಫೋನೇ ಇಲ್ಲ. ಟೈಪ್ ಪ್ರತಿಯನ್ನು ಬೈಂದೂರಿನ ಅಂಗಡಿಯಿಂದ ಕೊಂಡಿದ್ದಳು. ಅವಳ ಪರೀಕ್ಷೆ ಮರುದಿನ ಬೆಳಿಗ್ಗೆ, ಬ್ರಹ್ಮಾವರದ ಕೇಂದ್ರದಲ್ಲಿ, ಮೊದಲ ತಂಡದಲ್ಲಿ. ಅಮಿತಾಳದ್ದು ಅದೇ ದಿನ ಮಧ್ಯಾಹ್ನ. ದೇವಪ್ಪನ ನಂಬರಿಗೆ ಮಾಡಿದರೆ ಸ್ವಿಚ್ ಆಫ್.

ಅಮಿತಾ ಮನೆಗೆ ಬಂದು ಲ್ಯಾಪ್‌ಟಾಪ್ ಇಟ್ಟು, ಬಾವಿ ಗೇಟು ಬಾವಿ ಗೇಟು ಎಂದು ನಾಲ್ಕಾರು ಸಲ ತಿರುಗಿದಳು. ಮತ್ತೆ ನಂಬರ್ ಒತ್ತಿದಳು. "ಟೀಚರ್, ನಾನ್ ಯಡ್ತರೆಗೆ ಹೋತೆ," ಎಂದಳು.

"ನಿನ್ನ ಪರೀಕ್ಷೆ?" ಎಂದೆ.

"ನಂಗೆ ಈಗ ಗೊತ್ತಾಯ್ತಲೆ. ಅವ್ಳಿಗೆ ಗೊತ್ತಿಲ್ಲ."

ಮುಂದಿನದನ್ನು ಅವಳೇ ಆಮೇಲೆ ಹೇಳಿದ್ದು. ಕೆಲವನ್ನು ಅಕ್ಷಯಾಳಿಂದಲೂ ಕೇಳಿದ್ದೇನೆ.

ಬೈಂದೂರಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಬಾಗಿಲ ಹತ್ತಿರ ನಿಂತೇ ಹೋದಳು. ತ್ರಾಸಿಯಲ್ಲಿ ಸುಂದರಿ ಖಾಲಿ ಬುಟ್ಟಿ ಹಿಡಿದು ಇನ್ನೊಂದು ಬಸ್ಸಿನಿಂದ ಇಳಿಯುತ್ತಿದ್ದವಳು ಮಗಳನ್ನು ಕಂಡಳು. "ಹೆಣೆ, ಎಲ್ಲ್ ಹೋಪ್ದ್? ನಾಳೆ ಪರೀಕ್ಷೆ ಅಲ್ದಾ?" ಎಂದು ರಸ್ತೆಯಿಂದಲೇ ಕೂಗಿದಳು. "ಬತ್ತೆ, ಬತ್ತೆ," ಎನ್ನುವಷ್ಟರಲ್ಲಿ ಬಸ್ಸು ಹೊರಟಿತ್ತು. ಮರವಂತೆಯಲ್ಲಿ ಪ್ರವಾಸಿಗಳ ಕಾರುಗಳಿಂದಾಗಿ ಬಸ್ಸು ಆಮೆಯ ಹಾಗೆ ಸಾಗಿದಾಗ ಕಂಡಕ್ಟರನನ್ನು ಎರಡು ಸಲ ಕೇಳಿದಳು, ಎಷ್ಟು ಹೊತ್ತಾಗುತ್ತದೆಂದು. "ಇಳ್ದ್ ನಡಿತ್ರ್ಯಾ? ಹಾಂಗಾರೆ ಬೇಗ ಮುಟ್ಟುಕು ಸಾಕ್," ಎಂದ ಅವನು.

ಬೈಂದೂರಿನಲ್ಲಿ ಮೊದಲು ಝೆರಾಕ್ಸ್ ಅಂಗಡಿ. ಮಾಲೀಕ ರವಿಚಂದ್ರ ಅವಳ ನೋಟ್ಸಿನದೇ ಇನ್ನೊಂದು ಕಟ್ಟು ತಯಾರು ಮಾಡುತ್ತಿದ್ದ. ಆ ಪುಟ ತಪ್ಪು, ಇನ್ನು ಕೊಡಬೇಡಿ ಎಂದಳು.

"ಯಾರ್ ನೀವ್?"

"ಅದ್ನ ಟೈಪ್ ಮಾಡದ್ದ್ ನಾನ್."

"ಹೌದಾ? ಲಾಯ್ಕ್ ಮಾಡಿದ್ರಿ. ಎಲ್ರೂ ಇದನ್ನೇ ಕೇಂತ್ರ್." ಅವನು ಹೊಗಳಿದ್ದು ಅವಳಿಗೆ ಬೈದಂತೆಯೇ ಕೇಳಿತಂತೆ. ಪೆನ್ನು ಕೇಳಿ ಮೂಲ ಪ್ರತಿಯ ಖಾಲಿ ಕಂಬದಲ್ಲಿ ತಿದ್ದುಪಡಿ ಬರೆದು, ಇದನ್ನೇ ಝೆರಾಕ್ಸ್ ಮಾಡಿ ಎಂದು ಹೇಳಿ, ರಿಕ್ಷಾ ಹಿಡಿದು ಯಡ್ತರೆಗೆ ಹೋದಳು.

ಅಕ್ಷಯಾ ಚಾವಡಿಯಲ್ಲಿ ಕೂತು ಅದೇ ಪುಟವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು: ಹಂತ ಒಂದು, ಹಂತ ಎರಡು. ಅಮಿತಾ ಚಪ್ಪಲಿ ಬಿಡುತ್ತಲೇ ವಿಷಯ ಹೇಳಿದಳು.

ಅಕ್ಷಯಾ ಪುಸ್ತಕ ಮುಚ್ಚಲಿಲ್ಲ. "ಟೈಪಲ್ಲಿ ಹೀಂಗೇ ಇತ್ತಲೆ ಅಕ್ಕ."

"ಅದ್ನ ಟೈಪ್ ಮಾಡದ್ದೇ ನಾನ್. ನಾನ್ ತಪ್ಪ್ ಮಾಡಿದ್ದೆ."

"ನಾಳೆ ಬೆಳಿಗ್ಗೆ ಪರೀಕ್ಷೆ. ಬಾಯಿಪಾಠ ಆಯ್ತ್ ನಂಗೆ. ಈಗ ಬಂದ್ ಬದಲ್ ಮಾಡ್ ಅಂದ್ರೆ? ಹೋದ ವರ್ಷ ಒಬ್ಳ್ ಹೀಂಗೇ ಕಡೇ ಗಳಿಗೆಲಿ ಎಂತೆಂತದೋ ಹೇಳಿ ನನ್ ತಲೆ ಕೆಡ್ಸಿದ್ಳ್."

ದೇವಪ್ಪ ಒಳಗಿಂದ ಬಂದ. "ಎಂತ ಗಲಾಟೆ? ಹೆಣ್ಣಿಗೆ ಓದುಕೆ ಬಿಡಿ ಮಾರಾಯ್ರೆ," ಎಂದ.

ಅಮಿತಾ ಬೆಳಿಗ್ಗೆ ಲ್ಯಾಬಿನಲ್ಲಿ ಆದದ್ದನ್ನು ಹೇಳಿದಳು. ಬಫರ್ ಹೊಯ್ದದ್ದು, ಲೇಪ ಸಿಂಕಿಗೆ ಹೋದದ್ದು, ಮಿಥನಾಲ್ ಇರುವುದು ಕಣಗಳನ್ನು ಹಿಡಿಸಲೆಂದು. ಈ ಕಾರಣ ಅವಳ ಟೈಪ್ ಪ್ರತಿಯಲ್ಲಿ ಎಲ್ಲೂ ಇರಲಿಲ್ಲ. ತತ್ವ ಎಂಬ ಶೀರ್ಷಿಕೆಯ ಕೆಳಗೆ ಒಂದೇ ಸಾಲಿತ್ತು, ಉಳಿದದ್ದು ಖಾಲಿ. ಅಕ್ಷಯಾ ಕೇಳಿದಳು, ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಪೆನ್ನು ತೆಗೆದು ಬರೆದುಕೊಂಡಳು. ಕೊನೆಗೆ ತಲೆಯೆತ್ತಿ ಒಂದು ಮಾತು ಕೇಳಿದಳು:

"ಮತ್ತೆ ಎಲ್ಲೆಲ್ಲ ತಪ್ಪಿತ್ತ್?"

ಯಾವ ಸಾಲು ತಾನೇ ಕೇಳಿ ಬರೆದದ್ದು, ಯಾವುದು ರತನನದ್ದು, ಯಾವುದನ್ನು ತಾನು ಊಹಿಸಿ ಪೂರ್ತಿ ಮಾಡಿದ್ದು ಎಂಬುದಕ್ಕೆ ಫೈಲಿನಲ್ಲಿ ಗುರುತಿಲ್ಲ. ಒಂದೇ ಅಕ್ಷರ, ಒಂದೇ ಅಳತೆ, ಒಂದೇ ಸಂಕ್ಷೇಪ. ಕೈಬರಹದಲ್ಲಾದರೆ ಬೇರೆ ಬೇರೆ ಕೈಗಳು ಕಾಣುತ್ತವೆ, ಹೊಡೆದು ಹಾಕಿದ್ದು ಕಾಣುತ್ತದೆ, ಅನುಮಾನವೂ ಕಾಣುತ್ತದೆ. ಅವಳು ಅದೆಲ್ಲವನ್ನೂ ಒಪ್ಪ ಮಾಡಿಬಿಟ್ಟಿದ್ದಳು.

"ಫೋಟೊ ಇತ್ತ್ ನನ್ನ ಹತ್ರ," ಎಂದಳು. "ಕೂಕೊ, ಕಾಂಬ."

ಇಬ್ಬರೂ ಪ್ರಾಯೋಗಿಕ ಭಾಗವನ್ನು ಮೊದಲಿನಿಂದ ಹಿಡಿದರು. ಅಮಿತಾ ಫೋನಿನ ಫೋಟೊ ದೊಡ್ಡದು ಮಾಡಿ ಓದುವಳು, ಅಕ್ಷಯಾ ಅಚ್ಚಿನ ಸಾಲಿನ ಮೇಲೆ ಬೆರಳಿಟ್ಟು ಹೋಗುವಳು. ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು. ಅಮಿತಾ ನಡುನಡುವೆ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದಳು. "ಕೂಕಣಿ ಅಕ್ಕ, ನಿಮ್ಮ ಕಂಡ್ ನಂಗೂ ಹೆದ್ರಿಕೆ ಆತ್ತ್," ಎಂದಳು ಅಕ್ಷಯಾ.

ಇಎಸ್‌ಆರ್ ಎಂಬ ಪರೀಕ್ಷೆಯ ಪುಟದಲ್ಲಿ ಬೆರಳು ನಿಂತಿತು. ವೆಸ್ಟರ್‌ಗ್ರೆನ್ ಕೊಳವೆಯಲ್ಲಿ ರಕ್ತಕಣ ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತದೆಂದು ಅಳೆಯುವ ಪರೀಕ್ಷೆ ಅದು. ಅಚ್ಚಿನಲ್ಲಿತ್ತು: ರಕ್ತ ಗಟ್ಟಿಯಾಗದಂತೆ ಬೆರೆಸುವ ಸಿಟ್ರೇಟ್ ಒಂದು ಪಾಲು, ರಕ್ತ ಒಂಬತ್ತು ಪಾಲು. ಫೋಟೊದಲ್ಲೂ ಹಾಗೇ ಇತ್ತು, ಆದರೆ ಪಕ್ಕದಲ್ಲಿ ರತನ್ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಅಮಿತಾ ಟೈಪ್ ಮಾಡುವಾಗ ಅದನ್ನು ಬಿಟ್ಟಿದ್ದಳು, ಅಂದವಾಗಿ ಕಾಣುವುದಿಲ್ಲ ಎಂದು.

ಪ್ರೇಮಾನಂದರಿಗೆ ಫೋನ್ ಮಾಡಿದರು. ಅವರು ಊಟದ ಎಲೆಯ ಮುಂದಿದ್ದರಂತೆ. "ಇಎಸ್‌ಆರಿಗೆ ಒಂದಕ್ಕೆ ನಾಕ್. ಒಂದಕ್ಕೆ ಒಂಬತ್ತ್ ಹೆಪ್ಪುಗಟ್ಟು ಪರೀಕ್ಷೆಗೆ. ಎರಡೂ ಒಂದೇ ದಿನ ಹೇಳಿದ್ದೆ, ನೀವ್ ಯಾರೂ ಕೇಣ್ಲಿಲ್ಲ. ಇನ್ನೆಂತ ಇತ್ತ್?"

"ಇನ್ನೂ ಕಾಂತಾ ಇದ್ದೊ ಸರ್."

"ಕಾಣಿ. ನಾನ್ ಉಣ್ಣದೆ ಕೂಕಂತೆ," ಎಂದು ಅವರು ಫೋನಿಟ್ಟರು. ನಿಜಕ್ಕೂ ಕೂತಿದ್ದರೋ ಇಲ್ಲವೋ, ಆಮೇಲೆ ಮಾಡಿದ ಕರೆಗಳನ್ನೆಲ್ಲ ತೆಗೆದರು.

ಕುಂದಾಪುರದ ಬಸ್ಸು ತಪ್ಪುವ ಮೊದಲು ದೇವಪ್ಪನೇ ಬೈಕಿನಲ್ಲಿ ಅವಳನ್ನು ಬೈಂದೂರಿಗೆ ಬಿಟ್ಟ. ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು: "ನೀವ್ ಇಲ್ಲಿಗೆ ಬರದೆ ಸುಮ್ನಿದ್ದಿದ್ರೆ ನಮ್ಗೆ ಗೊತ್ತೇ ಆತಿರ್ಲಿಲ್ಲ." ಅದು ಮೆಚ್ಚುಗೆಯೋ ಆಕ್ಷೇಪವೋ ಅವಳಿಗೆ ಇಂದಿಗೂ ತಿಳಿಯದು.

ಮರುದಿನ ಬೆಳಿಗ್ಗೆ ಅವಳು ತನ್ನ ಪಾಠ ಓದಲಿಲ್ಲ. ಪರೀಕ್ಷೆಗೆ ಹೊರಡುವ ಬಟ್ಟೆ ಹಾಕಿಕೊಂಡು ನನ್ನ ಜಗಲಿಯ ಮೇಲೆ ಫೋನ್ ಹಿಡಿದು ಕೂತಳು, ಎದ್ದಳು, ಕೂತಳು. ತಿಂಡಿ ಮುಟ್ಟಲಿಲ್ಲ. ನಾನು ಪತ್ರಿಕೆ ಓದಿ ಮುಗಿಸುವ ಹೊತ್ತಿಗೆ ಫೋನ್ ಬಂತು. ಬ್ರಹ್ಮಾವರದ ಬಸ್ ನಿಲ್ದಾಣದಿಂದ ಅಕ್ಷಯಾ, ಅಪ್ಪನ ಫೋನಿನಿಂದ. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಲೀಶ್‌ಮನ್ನೇ ಬಂತ್ ಅಕ್ಕ."

ಅಮಿತಾ ಸ್ಪೀಕರಿನ ದನಿ ಇನ್ನಷ್ಟು ಏರಿಸಿದಳು.

"ಲೇಪ ಲಾಯ್ಕ್ ನಿಂತ್ತ್. ಸೂಕ್ಷ್ಮದರ್ಶಕದಲ್ಲಿ ಕಂಡ್ರ್. ಮೊದ್ಲ್ ಸ್ಟೇನ್ ಯಾಕೆ ಅಂತ ಕೇಂಡ್ರ್. ಹೇಳ್ದೆ."

"ಮತ್ತೆ?"

"ಮತ್ತೆಂತ ಇಲ್ಲ. ಹೊರಗ್ ಬಂದೆ." ಬಸ್ಸಿನ ಹಾರನ್ ಕೇಳಿಸಿತು. "ಅಕ್ಕ, ಒಂದ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ಥಿಯರಿಗೆ ನಿಮ್ಮ ನೋಟ್ಸ್ ನಂಗೆ ಬ್ಯಾಡ. ನಾನ್ ಸರ್ ಹತ್ರ ಕೇಂಡ್ ಕೈಲೇ ಬರ್ಕಂತೆ."

"ಆಯ್ತ್," ಎಂದಳು ಅಮಿತಾ. "ಹಾಂಗೇ ಮಾಡ್."

ಫೋನಿಟ್ಟ ಮೇಲೆ ಒಂದಿಷ್ಟು ಹೊತ್ತು ಅವಳು ಎದ್ದು ತಿರುಗಲಿಲ್ಲ. ಅಷ್ಟು ಹೊತ್ತು ಅವಳು ಸುಮ್ಮನೆ ಕೂತದ್ದು ನಾನು ಕಂಡಂತೆ ಅದೇ ಮೊದಲು. ತಟ್ಟೆಯಲ್ಲಿದ್ದ ದೋಸೆ ತಣ್ಣಗಾಗಿತ್ತು, ಹಾಗೇ ತಿಂದಳು. ಪರೀಕ್ಷೆಗೆ ಹೊರಡುವ ಮೊದಲು ಲ್ಯಾಪ್‌ಟಾಪ್ ತೆರೆದು, ರತನನ ಫೋಟೊಗಳಿಂದ ಬಂದ ಪುಟಗಳನ್ನು ಹುಡುಕಿ, ಶೀರ್ಷಿಕೆಯ ಪಕ್ಕ ಒಂದು "ರ" ಹಾಕುತ್ತಾ ಹೋದಳು. ಬಿಟ್ಟ ಪ್ರಶ್ನಾರ್ಥಕಗಳನ್ನು ವಾಪಸ್ ಹಾಕಿದಳು. ಪುಟ ಹಾಳಾಗಿ ಕಾಣುತ್ತಿತ್ತು. ಸಂಕ್ಷೇಪಗಳ ಪಟ್ಟಿಯಲ್ಲಿ "ರ" ಎಂದರೆ ಏನೆಂದು ಬರೆದೆಯಾ ಎಂದು ಕೇಳಿದೆ.

"ಬರಿತೆ ಟೀಚರ್, ಬಸ್ ಬಂತ್," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಗೇಟು ತೆರೆದೇ ಬಿಟ್ಟು ಓಡಿದಳು.